ಘನಗಳ ಸರಾಸರಿ ದೊಡ್ಡದು, ಸರಾಸರಿಯ ಘನ ಚಿಕ್ಕದು: ಯಾಕೆ?

ಪ್ರಶ್ನೆ: ಸರ್, ನಾನು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೇನೆ. ಪ್ರಾಜೆಕ್ಟಿಗೆ ಹತ್ತು ಗಂಟೆಗಳ ಗಾಳಿಯ ವೇಗ ಬರೆದುಕೊಂಡೆ. ಸೆಕೆಂಡಿಗೆ ಮೀಟರ್ ಲೆಕ್ಕದಲ್ಲಿ 2, 3, 4, 5, 5, 6, 7, 8, 9, 11. ಸರಾಸರಿ 6, ಅದರ ಘನ 216. ಒಂದೊಂದನ್ನೂ ಘನ ಮಾಡಿ ಆಮೇಲೆ ಸರಾಸರಿ ತೆಗೆದರೆ 348. ಮೇಷ್ಟ್ರು ‘ಅದು ಜೆನ್ಸೆನ್ ಅಸಮತೆ, E[f(X)] ≥ f(E[X])’ ಅಂದರು. ಸಾಧನೆ ಬಾಯಿಪಾಠ ಇದೆ, ಆದರೆ ಯಾಕೆ ಅಂತ ತಲೆಗೆ ಹತ್ತಿಲ್ಲ. ಯಾವಾಗಲೂ ಹೀಗೇನಾ?

ಉತ್ತರ: ನಿಮ್ಮ ಎರಡೂ ಲೆಕ್ಕ ಸರಿ ಇವೆ. ಗಾಳಿಯ ಶಕ್ತಿ ವೇಗದ ಘನದಂತೆ ಏರುತ್ತದೆ, ಹಾಗಾಗಿ ಅದು ಬೇಕಿದ್ದರೆ 348 ಇಟ್ಟುಕೊಳ್ಳಿ, 216 ಬಿಡಿ. ‘ಯಾವಾಗಲೂ ಹೀಗೇನಾ’ ಅನ್ನೋದಕ್ಕೆ ಉತ್ತರ ‘ಇಲ್ಲ’. ಯಾವಾಗ ಹೀಗೆ, ಯಾವಾಗ ಅಲ್ಲ ಅನ್ನೋದು ‘ಯಾಕೆ’ ಗೊತ್ತಾದ ಮೇಲೆ ತಾನಾಗಿಯೇ ಗೊತ್ತಾಗುತ್ತದೆ. ಅದಕ್ಕೆ ಮೊದಲು ‘ಯಾಕೆ’ ನೋಡೋಣ.

ಹತ್ತು ಅಂಕಿ ಒಟ್ಟಿಗೆ ಇದ್ದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಎರಡೇ ಗಂಟೆ ತಗೊಳ್ಳಿ. ಒಂದು ಗಂಟೆ ಗಾಳಿ 4, ಇನ್ನೊಂದು ಗಂಟೆ 8. ಸರಾಸರಿ 6. ಈಗ ಗಾಳಿ ಎರಡೂ ಗಂಟೆ ಸುಮ್ನೆ 6ರಲ್ಲೇ ಬೀಸಿದ್ದರೆ ಏನಾಗುತ್ತಿತ್ತು ಅಂತ ಹೋಲಿಸಿ. ಮೊದಲ ಗಂಟೆ ವೇಗ 6ರಿಂದ 4ಕ್ಕೆ ಇಳಿದಿದೆ. ಘನ 216ರಿಂದ 64ಕ್ಕೆ ಇಳಿಯಿತು, ಅಂದರೆ 152 ನಷ್ಟ. ಎರಡನೇ ಗಂಟೆ ವೇಗ 6ರಿಂದ 8ಕ್ಕೆ ಏರಿದೆ. ಘನ 216ರಿಂದ 512ಕ್ಕೆ ಹೋಯಿತು, ಅಂದರೆ 296 ಲಾಭ. ಇಳಿದದ್ದೂ 2, ಏರಿದ್ದೂ 2. ಆದರೆ ಕಳೆದುಕೊಂಡದ್ದಕ್ಕಿಂತ ಪಡೆದದ್ದು ಸುಮಾರು ಇಮ್ಮಡಿ. ಎರಡನ್ನೂ ಸೇರಿಸಿ ಭಾಗಿಸಿದರೆ 288, ಅಂದರೆ 216ಕ್ಕಿಂತ 72 ಜಾಸ್ತಿ.

ಕಾರಣವೂ ಸರಳ. ಗಾಳಿ ಜೋರಾದಷ್ಟೂ ಅದರ ಮೇಲಿನ ಒಂದೊಂದು ಹೆಚ್ಚುವರಿ ಮೀಟರ್ ವೇಗಕ್ಕೂ ಬೆಲೆ ಏರುತ್ತಾ ಹೋಗುತ್ತದೆ. ವೇಗ ಇಮ್ಮಡಿಯಾದರೆ ಗಾಳಿಯಂತ್ರದ ರೆಕ್ಕೆಗಳನ್ನು ದಾಟಿ ಹೋಗುವ ಗಾಳಿಯ ಪ್ರಮಾಣ ಇಮ್ಮಡಿ. ಆ ಗಾಳಿಯ ಒಂದೊಂದು ಕಿಲೋದಲ್ಲಿರುವ ಶಕ್ತಿ ನಾಲ್ಕು ಪಟ್ಟು. ಒಟ್ಟು ಎಂಟು ಪಟ್ಟು. ಹಾಗಾಗಿ 6ರಿಂದ 8ಕ್ಕೆ ಹೋಗುವ ಎರಡು ಮೆಟ್ಟಿಲು 4ರಿಂದ 6ಕ್ಕೆ ಬರುವ ಎರಡು ಮೆಟ್ಟಿಲಿಗಿಂತ ಎತ್ತರ. ಮೆಟ್ಟಿಲುಗಳು ಹೀಗೆ ಎತ್ತರವಾಗುತ್ತಲೇ ಹೋಗುವ ಫಂಕ್ಷನ್ನಿಗೆ ಕಾನ್ವೆಕ್ಸ್ ಅಂತ ಹೆಸರು.

ಇಲ್ಲೊಂದು ಗೊಂದಲ ಮೊದಲೇ ಬಿಡಿಸಿಬಿಡುತ್ತೇನೆ. ಹೈಸ್ಕೂಲಿನಲ್ಲಿ ಕಾನ್ವೆಕ್ಸ್ ಅಂದರೆ ಪೀನ, ಹೊಟ್ಟೆ ಉಬ್ಬಿದ ಮಸೂರ ಅಂತ ಕಲಿತಿರುತ್ತೀರಿ. ಇಲ್ಲಿ ಗ್ರಾಫ್ ಬರೆದರೆ ಅದು ಬಾಣಲೆಯ ಥರ ಕಾಣುತ್ತದೆ, ಬಾಯಿ ಮೇಲೆ, ತಳ ಕೆಳಗೆ. ಕೆಳಗಿನಿಂದ ನೋಡಿದರೆ ಉಬ್ಬು, ಮೇಲಿನಿಂದ ನೋಡಿದರೆ ತಗ್ಗು. ನಮ್ಮ ಕ್ಲಾಸಿನಲ್ಲಿ ಅರ್ಧ ಜನ ಪರೀಕ್ಷೆಯಲ್ಲಿ ಇದನ್ನೇ ಉಲ್ಟಾ ಬರೆದಿದ್ದರು, ನಾನೂ ಸೇರಿ. ‘ಬಾಣಲೆ’ ಅಂತ ನೆನಪಿಟ್ಟುಕೊಂಡರೆ ಸಾಕು. ಘನದ ಗ್ರಾಫು ಸೊನ್ನೆಯಿಂದ ಬಲಗಡೆಗೆ ಬಾಣಲೆಯ ಬಲ ಅರ್ಧದಂತೆ ಏರುತ್ತದೆ. ವೇಗ ಸೊನ್ನೆಗಿಂತ ಕಡಿಮೆ ಆಗುವುದಿಲ್ಲವಲ್ಲ, ಆ ಅರ್ಧವೇ ನಮಗೆ ಸಾಕು.

ಬಾಣಲೆಯ ಕೆಳಗೆ ಒಂದು ಗೆರೆ

ಎರಡು ಅಂಕಿಗೆ ಹೀಗಾಯಿತು. ಹತ್ತಕ್ಕೆ, ಸಾವಿರಕ್ಕೆ, ಬೇರೆ ಬೇರೆ ಸಂಭವನೀಯತೆ ಇರುವ ಬೆಲೆಗಳಿಗೆ ಯಾಕೆ ಹೀಗೇ ಆಗಬೇಕು? ನೀವು ಬಾಯಿಪಾಠ ಮಾಡಿರುವ ಸಾಧನೆ ಬಹುಶಃ ಇಂಡಕ್ಷನ್ನಿನದು. ಅದರಲ್ಲಿ ತಪ್ಪಿಲ್ಲ, ಆದರೆ ಅದನ್ನು ಓದಿದರೆ ಏನೂ ಕಾಣುವುದಿಲ್ಲ. ನನಗೆ ಇಷ್ಟವಾದದ್ದು ಸ್ಪರ್ಶಕದ ಸಾಧನೆ. ಒಂದು ಪೇಪರ್ ತಗೊಂಡು ಇದನ್ನು ನೀವೇ ಬರೆಯುತ್ತಾ ಓದಿ.

v³ ಗ್ರಾಫಿಗೆ ಸರಾಸರಿ ಇರುವ ಜಾಗದಲ್ಲಿ, ಅಂದರೆ 6ರಲ್ಲಿ, ಒಂದು ಸ್ಪರ್ಶಕ ಎಳೆಯಿರಿ. ಅಲ್ಲಿ ಗ್ರಾಫಿನ ಎತ್ತರ 216, ಇಳಿಜಾರು 3 × 36 = 108. ಹಾಗಾಗಿ ಗೆರೆ ಹೀಗಿರುತ್ತದೆ: 216 + 108(v − 6). ಈ ಗೆರೆ 4ರಲ್ಲಿ ಎಷ್ಟು ಎತ್ತರದಲ್ಲಿದೆ? 216 − 216, ಸರಿಯಾಗಿ ಸೊನ್ನೆ. ಅದೇ ಜಾಗದಲ್ಲಿ ಗ್ರಾಫ್ 64ರಲ್ಲಿದೆ. 8ರಲ್ಲಿ ಗೆರೆ 432, ಗ್ರಾಫ್ 512. ಎರಡು ಕಡೆಯೂ ಗ್ರಾಫು ಗೆರೆಯ ಮೇಲಿದೆ, ಎಡಗಡೆ 64, ಬಲಗಡೆ 80. ಈ ಎರಡು ಅಂತರದ ಸರಾಸರಿ 72. ಹಿಂದೆ ಬಂದ ಹೆಚ್ಚುವರಿ 72 ನೆನಪಿದೆಯಾ? ಅದೇ ಇದು.

ಇದು ಕಾಕತಾಳೀಯ ಅಲ್ಲ. ನೇರ ಗೆರೆಗೆ ಒಂದು ಒಳ್ಳೆಯ ಗುಣ ಇದೆ. ಅದರ ಮೇಲೆ ಸರಾಸರಿ ಮೊದಲು ತೆಗೆದರೂ ಒಂದೇ, ಆಮೇಲೆ ತೆಗೆದರೂ ಒಂದೇ. ಗೆರೆಯ ಎತ್ತರ 4ರಲ್ಲಿ 0, 8ರಲ್ಲಿ 432, ಸರಾಸರಿ 216. ಗೆರೆ 6ರಲ್ಲಿ ಇರುವುದೂ 216. ಅಂದರೆ f(E[X]) ಅನ್ನೋದು ಗೆರೆಯ ಸರಾಸರಿ ಎತ್ತರ. E[f(X)] ಅನ್ನೋದು ಬಾಣಲೆಯ ಸರಾಸರಿ ಎತ್ತರ. ಬಾಣಲೆ ಪ್ರತಿ ಜಾಗದಲ್ಲೂ ಗೆರೆಯ ಮೇಲೇ ಇದೆ, ಹೆಚ್ಚೆಂದರೆ ಮುಟ್ಟುತ್ತದೆ. ಮೇಲಿರುವುದರ ಸರಾಸರಿ ಮೇಲೇ ಇರಬೇಕು. ಸಾಧನೆ ಮುಗಿಯಿತು.

ಬರೆಯುವಾಗ ಎರಡೇ ಸಾಲು. ಸರಾಸರಿಯನ್ನು m ಅನ್ನಿ, ಗೆರೆಯ ಇಳಿಜಾರನ್ನು k ಅನ್ನಿ:

```
f(X) ≥ f(m) + k(X − m)
E[f(X)] ≥ f(m) + k·(E[X] − m) = f(m)
```

ಮೊದಲ ಸಾಲು ಬಾಣಲೆಯ ಆಕಾರದಿಂದ ಬಂತು. ಎರಡನೇ ಸಾಲಿನಲ್ಲಿ E[X] − m ಸೊನ್ನೆ ಆಗುತ್ತದೆ, ಯಾಕೆಂದರೆ ನಾವು ಗೆರೆಯನ್ನು ಸರಾಸರಿಯಲ್ಲೇ ಮುಟ್ಟಿಸಿದ್ದೆವು. ಬೇರೆ ಕಡೆ ಮುಟ್ಟಿಸಿದರೂ ಗೆರೆ ಕೆಳಗೇ ಇರುತ್ತದೆ, ಆದರೆ ಬಲಗಡೆಯ ಪದ ಹೀಗೆ ಮಾಯವಾಗುವುದಿಲ್ಲ. ಇಡೀ ಸಾಧನೆಯಲ್ಲಿ ಜಾಣತನ ಇರುವುದು ಅಷ್ಟರಲ್ಲೇ. ಎಷ್ಟು ಅಂಕಿ ಇವೆ, ಅವುಗಳ ಸಂಭವನೀಯತೆ ಎಷ್ಟು ಅನ್ನೋದು ಎಲ್ಲೂ ಬೇಕಾಗಲಿಲ್ಲ ನೋಡಿ.

ಹೆಸರಿನ ಬಗ್ಗೆ ಒಂದು ಮಾತು. ಜೋಹಾನ್ ಜೆನ್ಸೆನ್ ಡೆನ್ಮಾರ್ಕಿನವರು. ಯಾವ ವಿಶ್ವವಿದ್ಯಾಲಯದಲ್ಲೂ ಪ್ರೊಫೆಸರ್ ಆಗಿರಲಿಲ್ಲ. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿ ಎಂಜಿನಿಯರ್. ಗಣಿತ ಮಾಡುತ್ತಿದ್ದದ್ದು ಬಿಡುವಿನ ವೇಳೆಯಲ್ಲಿ. ಈ ಅಸಮತೆಯ ಲೇಖನ ಅಚ್ಚಾದದ್ದು 1906ರಲ್ಲಿ. ಅವರು ಡೆರಿವೇಟಿವ್ ಗೊಡವೆಗೇ ಹೋಗದೆ, ‘ಎರಡು ಬಿಂದುಗಳ ನಡುಮಧ್ಯದಲ್ಲಿ ಗ್ರಾಫು ಅವನ್ನು ಸೇರಿಸುವ ಗೆರೆಯ ಮೇಲೆ ಹೋಗಬಾರದು’ ಅನ್ನುವಷ್ಟರಿಂದಲೇ ಶುರು ಮಾಡಿದರು.

ಆಟೋ ಮೀಟರಿನಲ್ಲಿ ಸಮ ಆಗುವುದು ಯಾವಾಗ

ಡೆರಿವೇಟಿವ್ ಇಲ್ಲದಿದ್ದರೂ ನಡೆಯುತ್ತದೆ ಅಂದೆ. ಅದಕ್ಕೆ ಆಟೋ ಮೀಟರು ಒಳ್ಳೆ ಉದಾಹರಣೆ. ಮೊದಲ 2 ಕಿಲೋಮೀಟರಿಗೆ ಮಿನಿಮಮ್ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18 ಅಂದುಕೊಳ್ಳಿ. ಗ್ರಾಫ್ ಬರೆದರೆ ಮೊದಲು ಮಲಗಿದ ಗೆರೆ, 2ರಲ್ಲಿ ಒಂದು ಮೂಲೆ, ಅಲ್ಲಿಂದ ಓರೆಯಾಗಿ ಏರುವ ಗೆರೆ. ಮೂಲೆಯಲ್ಲಿ ಡೆರಿವೇಟಿವ್ ಇಲ್ಲ. ಆದರೂ ಇದು ಬಾಣಲೆಯೇ, ತಳ ಸ್ವಲ್ಪ ಮುರಿದ ಬಾಣಲೆ ಅನ್ನಿ. ಆ ಮೂಲೆಗೆ ಕೆಳಗಿನಿಂದ ಒಂದು ಸ್ಕೇಲ್ ಆನಿಸಬಹುದು, ಅದು ಎಲ್ಲೂ ಗ್ರಾಫನ್ನು ಕೊಯ್ಯುವುದಿಲ್ಲ. ಸಾಧನೆಗೆ ಬೇಕಿದ್ದದ್ದು ಅಷ್ಟೇ.

ಒಂದು ದಿನ 3 ಕಿಲೋಮೀಟರ್ ಹೋದಿರಿ, ಇನ್ನೊಂದು ದಿನ 5. ಬಾಡಿಗೆ 54 ಮತ್ತು 90, ಸರಾಸರಿ 72. ಸರಾಸರಿ ದೂರ 4 ಕಿಲೋಮೀಟರಿಗೂ ಬಾಡಿಗೆ 72. ಸರಿಸಮ! ಎರಡು ದೂರಗಳೂ ಒಂದೇ ನೇರ ಗೆರೆಯ ಮೇಲಿದ್ದವು, ಬಾಗೇ ಇರಲಿಲ್ಲ. ಈಗ 1 ಕಿಲೋಮೀಟರ್ ಮತ್ತು 5 ಕಿಲೋಮೀಟರ್ ತಗೊಳ್ಳಿ. ಬಾಡಿಗೆ 36 ಮತ್ತು 90, ಸರಾಸರಿ 63. ಸರಾಸರಿ ದೂರ 3, ಅದರ ಬಾಡಿಗೆ 54. ಈಗ 9 ರೂಪಾಯಿ ಅಂತರ ಬಂತು, ಯಾಕೆಂದರೆ ಮಧ್ಯೆ ಮೂಲೆ ಸಿಕ್ಕಿತು. ಚಿಕ್ಕ ಸವಾರಿಗೆ ಮಿನಿಮಮ್ ಕೊಟ್ಟದ್ದು ಅಲ್ಲಿ ಕಾಣಿಸಿಕೊಂಡಿದೆ.

ಹಾಗಾದರೆ ≥ ಚಿಹ್ನೆಯಲ್ಲಿ ‘=’ ಬರುವುದು ಎರಡೇ ಸಂದರ್ಭದಲ್ಲಿ. X ಅಲ್ಲಾಡದೆ ಒಂದೇ ಬೆಲೆಯಲ್ಲಿ ನಿಂತಿರಬೇಕು, ಇಲ್ಲಾ X ಓಡಾಡುವ ಜಾಗದಲ್ಲೆಲ್ಲ ಫಂಕ್ಷನ್ ನೇರ ಗೆರೆಯಾಗಿರಬೇಕು.

ಅಂತರ ಎಷ್ಟು?

ಇದನ್ನು ಪಠ್ಯಪುಸ್ತಕಗಳು ಹಾರಿಸಿ ಹೋಗುತ್ತವೆ. ಕೆಲಸಕ್ಕೆ ಬರುವುದು ಇದೇ. ‘ದೊಡ್ಡದು’ ಅಂದರೆ ಸಾಲದು, ಎಷ್ಟು ದೊಡ್ಡದು ಅಂತ ಬೇಕು ಅಲ್ವಾ?

ಅಂತರ ಎರಡು ವಿಷಯಗಳ ಮೇಲೆ ನಿಂತಿದೆ. ಬಾಣಲೆ ಎಷ್ಟು ಬಾಗಿದೆ, ಅಂಕಿಗಳು ಎಷ್ಟು ಚದುರಿವೆ. ಬಾಗನ್ನು ಅಳೆಯುವುದು ಎರಡನೇ ಡೆರಿವೇಟಿವ್, ಚದುರುವಿಕೆಯನ್ನು ಅಳೆಯುವುದು ವೇರಿಯನ್ಸ್. ಅಂದಾಜಿಗೆ ಇವೆರಡರ ಗುಣಲಬ್ಧದ ಅರ್ಧ, ½ f″(m) × Var(X). v³ಗೆ ಎರಡನೇ ಡೆರಿವೇಟಿವ್ 6v, ಅಂದರೆ 6ರಲ್ಲಿ 36. ಅರ್ಧ 18.

4 ಮತ್ತು 8ರ ಜೋಡಿಯ ವೇರಿಯನ್ಸ್ 4. 18 × 4 = 72. ಚೊಕ್ಕವಾಗಿ ಕೂತಿತು. ಈಗ ನಿಮ್ಮ ಹತ್ತು ಅಂಕಿ ನೋಡೋಣ. 6ರಿಂದ ವ್ಯತ್ಯಾಸಗಳ ವರ್ಗಗಳನ್ನು ಕೂಡಿದರೆ 70, ವೇರಿಯನ್ಸ್ 7. 18 × 7 = 126. 216 + 126 = 342. ನಿಮಗೆ ಬಂದದ್ದು 348. ಉಳಿದ 6 ಎಲ್ಲಿಂದ ಬಂತು? ಆ 11ರಿಂದ. ನಿಮ್ಮ ಅಂಕಿಗಳು ಎರಡೂ ಕಡೆ ಸಮನಾಗಿ ಹರಡಿಲ್ಲ. ಕೆಳಗಡೆ 2ರವರೆಗೆ ಹೋಗಿವೆ, ಮೇಲ್ಗಡೆ 11ರವರೆಗೆ ಚಾಚಿವೆ. ವ್ಯತ್ಯಾಸಗಳ ಘನಗಳನ್ನು ಕೂಡಿ ಹತ್ತರಿಂದ ಭಾಗಿಸಿ, ಸರಿಯಾಗಿ 6 ಬರುತ್ತದೆ. v³ಗೆ ಇಷ್ಟಕ್ಕೇ ಲೆಕ್ಕ ನಿಖರವಾಗಿ ಮುಗಿಯುತ್ತದೆ. ಬೇರೆ ಫಂಕ್ಷನ್‌ಗಳಿಗೆ ಹಿಂದೆ ಇನ್ನೂ ಬಾಲ ಇರುತ್ತದೆ, ಆದರೆ ಸಾಮಾನ್ಯವಾಗಿ ವೇರಿಯನ್ಸಿನ ಪದವೇ ಮುಖ್ಯ.

ಫಂಕ್ಷನ್ x² ಆಗಿದ್ದರೆ? ಎರಡನೇ ಡೆರಿವೇಟಿವ್ 2, ಅದರ ಅರ್ಧ 1. ಅಂತರ ಸರಿಯಾಗಿ ವೇರಿಯನ್ಸ್. Var(X) = E[X²] − (E[X])² ಅಂತ ನೀವು ಪಿಯುಸಿಯಿಂದ ಬರೆಯುತ್ತಾ ಬಂದಿದ್ದೀರಲ್ಲ, ಅದು ಜೆನ್ಸೆನ್ ಅಂತರದ ಅತಿ ಸರಳ ರೂಪ.

ಇನ್ನೂ ಒಂದು ಆಟ ನಿಮ್ಮ ಅಂಕಿಗಳಿಂದಲೇ ತೋರಿಸುತ್ತೇನೆ. ಬೆಳಗ್ಗೆಯಿಂದ ಗಾಳಿ ನೀವು ಬರೆದ ಕ್ರಮದಲ್ಲೇ ಏರುತ್ತಾ ಹೋಯಿತು ಅಂದುಕೊಳ್ಳಿ. ನಿಮ್ಮ ಉಪಕರಣ ಎರಡೆರಡು ಗಂಟೆಯ ಸರಾಸರಿ ಮಾತ್ರ ಬರೆದಿಟ್ಟಿದ್ದರೆ ನಿಮ್ಮ ಕೈಗೆ ಸಿಗುತ್ತಿದ್ದದ್ದು 2.5, 4.5, 5.5, 7.5, 10. ಇವುಗಳ ಘನಗಳ ಸರಾಸರಿ 339. ಐದೈದು ಗಂಟೆಯ ಸರಾಸರಿ ಬರೆದಿಟ್ಟಿದ್ದರೆ 3.8 ಮತ್ತು 8.2, ಘನಗಳ ಸರಾಸರಿ ಸುಮಾರು 303. ಇಡೀ ಹತ್ತು ಗಂಟೆಗೆ ಒಂದೇ ಅಂಕಿ ಇದ್ದರೆ 216. ಗಾಳಿ ಅದೇ, ಬೀಸಿದ್ದೂ ಅಷ್ಟೇ. ಮೊದಲೇ ಸರಾಸರಿ ಮಾಡಿ ಮೂಟೆ ಕಟ್ಟಿದಷ್ಟೂ ಶಕ್ತಿ ಲೆಕ್ಕದಿಂದ ಸೋರಿಹೋಗುತ್ತದೆ. ಪ್ರತಿ ಮೂಟೆಯೊಳಗೂ ಒಂದು ಪುಟ್ಟ ಜೆನ್ಸೆನ್ ಕೂತಿರುತ್ತದೆ. ಗಾಳಿ ಅಳೆಯುವವರು ತಿಂಗಳ ಸರಾಸರಿಗೆ ತೃಪ್ತಿಪಡದೆ 10 ನಿಮಿಷದ ದಾಖಲೆ ಇಡುವುದಕ್ಕೆ ಇದೂ ಒಂದು ಕಾರಣ. ನಿಮಗೆ ಯಾರಾದರೂ ಗಾಳಿಯ ಅಂಕಿ ಕೊಟ್ಟರೆ ಮೊದಲು ಕೇಳಬೇಕಾದ್ದು ‘ಇದು ಎಷ್ಟು ಹೊತ್ತಿನ ಸರಾಸರಿ?’ ಅಂತ.

ಕಂಪ್ಯೂಟರಿನಲ್ಲಿ ನೋಡಬೇಕಿದ್ದರೆ ಮೂರು ಸಾಲು ಸಾಕು:

```python
v = [2, 3, 4, 5, 5, 6, 7, 8, 9, 11]
m = sum(v) / len(v)
print(m**3, sum(x**3 for x in v) / len(v))
```

ಅಂಕಿಗಳನ್ನು ಬದಲಾಯಿಸಿ ನೋಡಿ. ಸರಾಸರಿ 6 ಇಟ್ಟುಕೊಂಡೇ ಚದುರುವಿಕೆ ಹೆಚ್ಚಿಸಿದರೆ ಸಾಮಾನ್ಯವಾಗಿ ಎರಡನೇ ಅಂಕಿ ಮಾತ್ರ ಏರುತ್ತದೆ.

ತಿರುಗಿ ಬೀಳುವುದು ಎಲ್ಲಿ

ಇಲ್ಲಿಯವರೆಗೆ ಹೇಳಿದ್ದು ಗಾಳಿಯಲ್ಲಿರುವ ಶಕ್ತಿಯ ಮಾತು. ಯಂತ್ರದಿಂದ ಬರುವ ಕರೆಂಟು ಬೇರೆ ಮಾತು. ಇದನ್ನು ನಾನು ಕಲಿತದ್ದು ಮುಖ ಕೆಂಪಾದ ಮೇಲೆ.

ಕೆಲಸಕ್ಕೆ ಸೇರಿದ ಹೊಸತು. ಜೆನ್ಸೆನ್ ಗೊತ್ತು ಅನ್ನುವ ಹುಮ್ಮಸ್ಸು ಬೇರೆ. ಒಂದು ಗುಡ್ಡದ ಮೇಲಿನ ಜಾಗಕ್ಕೆ ಮಳೆಗಾಲದ ಒಂದು ವಾರದ ಅಂದಾಜು ಮಾಡಬೇಕಿತ್ತು. ಕೈಯಲ್ಲಿ ಇದ್ದದ್ದು ಸರಾಸರಿ ವೇಗ ಮಾತ್ರ, 10.2. ಯಂತ್ರ 2,000 ಕಿಲೋವ್ಯಾಟಿನದು, 12 ಮೀಟರ್ ವೇಗಕ್ಕೆ ಪೂರ್ತಿ ಕರೆಂಟು ಕೊಡುವಂಥದ್ದು. ಗಾಳಿಯ ವೇಗಕ್ಕೆ ರೇಲಿ ವಿತರಣೆ ಅನ್ನುವ ಮಾದರಿಯನ್ನು ಬಳಸುವ ರೂಢಿ ಇದೆ. ಅದರಲ್ಲಿ ಘನಗಳ ಸರಾಸರಿಯು ಸರಾಸರಿಯ ಘನದ 6/π ಪಟ್ಟು, ಅಂದರೆ ಸುಮಾರು 1.91 ಪಟ್ಟು. ನಾನು 2,000 × (10.2/12)³ ಮಾಡಿ 1,228 ತೆಗೆದೆ. ಅದಕ್ಕೆ 1.91ರಿಂದ ಗುಣಿಸಿ 2,346 ಕಿಲೋವ್ಯಾಟ್ ಅಂತ ಬರೆದು ಹಿರಿಯರೊಬ್ಬರಿಗೆ ತೋರಿಸಿದೆ. ಅವರು ಕನ್ನಡಕ ಮೇಲೆತ್ತಿ, ‘ಏನಪ್ಪಾ, ಯಂತ್ರ ಜಾಸ್ತಿ ಅಂದ್ರೆ 2,000 ಕೊಡುತ್ತೆ. ನೀನು ಸರಾಸರಿಯೇ 2,346 ಬರೆದಿದ್ದೀಯ’ ಅಂದರು. ಪುಣ್ಯಕ್ಕೆ ಅದು ಅವರ ಮೇಜು ದಾಟಿ ಹೋಗಲಿಲ್ಲ.

ತಪ್ಪು ಎಲ್ಲಿತ್ತು? ಯಂತ್ರದ ಗ್ರಾಫ್ ಪೂರ್ತಿ ಬಾಣಲೆ ಅಲ್ಲ. ಗಾಳಿ ಸುಮಾರು 3 ಮೀಟರ್ ಆಗುವವರೆಗೆ ಅದು ಕರೆಂಟು ಕೊಡುವುದಿಲ್ಲ. ಅಲ್ಲಿಂದ ಹೆಚ್ಚುಕಡಿಮೆ ಘನದಂತೆ ಏರುತ್ತದೆ. 12ರ ಹೊತ್ತಿಗೆ 2,000 ಮುಟ್ಟಿ, ರೆಕ್ಕೆಗಳನ್ನು ತಿರುಗಿಸಿಕೊಂಡು ಅಲ್ಲೇ ನಿಲ್ಲುತ್ತದೆ. ಆಮೇಲೆ ಗ್ರಾಫು ಮೇಜಿನಂತೆ ಸಮತಟ್ಟು. ಸುಮಾರು 25 ದಾಟಿದರೆ ಯಂತ್ರವನ್ನೇ ನಿಲ್ಲಿಸಿಬಿಡುತ್ತಾರೆ. ಅಂದರೆ ಕೆಳಗೆ ಬಾಣಲೆ, 12ರ ಸುತ್ತ ಕವುಚಿ ಹಾಕಿದ ಬಾಣಲೆ.

ಕವುಚಿದ ಬಾಣಲೆಯಲ್ಲಿ ಎಲ್ಲವೂ ತಲೆಕೆಳಗು. ಗಾಳಿ ಅರ್ಧ ಹೊತ್ತು 8, ಅರ್ಧ ಹೊತ್ತು 16 ಬೀಸಿತು ಅನ್ನಿ. ಸರಾಸರಿ 12. ಸ್ಥಿರವಾಗಿ 12ರಲ್ಲೇ ಬೀಸಿದ್ದರೆ ಪೂರ್ತಿ 2,000 ಸಿಗುತ್ತಿತ್ತು. ಈಗ 8ರಲ್ಲಿ 2,000 × (8/12)³, ಅಂದರೆ ಸುಮಾರು 593. 16ರಲ್ಲಿ ಹೆಚ್ಚಿಗೆ ಏನೂ ಇಲ್ಲ, ಅದೇ 2,000. ಸರಾಸರಿ ಸುಮಾರು 1,296. ಇಳಿದಾಗ ನಷ್ಟ ಪೂರ್ತಿ, ಏರಿದಾಗ ಲಾಭ ಸೊನ್ನೆ. ಇಲ್ಲಿ ಏರಿಳಿತ ಶತ್ರು. ಅದೇ ಯಂತ್ರಕ್ಕೆ ಸರಾಸರಿ 6ರ ಸುತ್ತ, 4 ಮತ್ತು 8 ಬೀಸಿದರೆ 74 ಮತ್ತು 593, ಸರಾಸರಿ ಸುಮಾರು 333. ಸ್ಥಿರ 6ಕ್ಕೆ 250. ಅಲ್ಲಿ ಏರಿಳಿತ ಮಿತ್ರ. ಯಂತ್ರ ಒಂದೇ. ಗಾಳಿ ಗ್ರಾಫಿನ ಯಾವ ಭಾಗದಲ್ಲಿ ಓಡಾಡುತ್ತಿದೆ ಅನ್ನೋದು ಚಿಹ್ನೆಯನ್ನು ತಿರುಗಿಸಿತು.

ಗಾಳಿ ಎರಡೂ ಭಾಗಗಳಲ್ಲಿ ಓಡಾಡಿದರೆ ಜೆನ್ಸೆನ್ ಏನೂ ಹೇಳುವುದಿಲ್ಲ, ಹೇಳಲಾರದು. ಆಗ ಗಂಟೆ ಗಂಟೆಯ ವೇಗವನ್ನು ಯಂತ್ರದ ಗ್ರಾಫಿಗೆ ಹಾಕಿ ಒಂದೊಂದಾಗಿ ಕೂಡಲೇಬೇಕು. ನಾನು ಮಾಡಬೇಕಿದ್ದದ್ದೂ ಅದೇ.

ಗಣಿತದಲ್ಲಿ ಇದೇ ತಪ್ಪಿನ ಚಿಕ್ಕ ರೂಪ ನಿಮ್ಮ v³ರಲ್ಲೇ ಇದೆ. ವೇಗ ಋಣ ಆಗುವುದಿಲ್ಲ ಅಂದೆ. ಆದರೆ X ಋಣ ಆಗಬಹುದಾದ ಬೇರೆ ಲೆಕ್ಕದಲ್ಲಿ? X ಅರ್ಧ ಸಲ −2, ಅರ್ಧ ಸಲ 0 ಆಗಿರಲಿ. ಸರಾಸರಿ −1, ಅದರ ಘನ −1. ಘನಗಳು −8 ಮತ್ತು 0, ಸರಾಸರಿ −4. ಉಲ್ಟಾ ಆಯಿತು, ಯಾಕೆಂದರೆ ಸೊನ್ನೆಯ ಎಡಗಡೆ ಘನದ ಗ್ರಾಫು ಕವುಚಿದ ಬಾಣಲೆ. ಹಾಗಾಗಿ ‘f ಕಾನ್ವೆಕ್ಸ್’ ಅಂತ ಸುಮ್ನೆ ಬರೆಯಬೇಡಿ. X ಓಡಾಡುವ ವ್ಯಾಪ್ತಿಯಲ್ಲಿ ಕಾನ್ವೆಕ್ಸ್ ಅಂತ ಬರೆಯಿರಿ.

ಎಸ್‌ಐಪಿಯವರ ಎರಡು ರೂಪಾಯಿ

ಗಾಳಿ ಬಿಟ್ಟು ಇನ್ನೊಂದು ಉದಾಹರಣೆ, ಯಾಕೆಂದರೆ ಇಲ್ಲಿ ಜೆನ್ಸೆನ್ ಹೆಸರು ಹೇಳದೆಯೇ ಜನರನ್ನು ಸ್ವಲ್ಪ ಯಾಮಾರಿಸುತ್ತಾರೆ. ತಿಂಗಳು ತಿಂಗಳು ಒಂದೇ ಮೊತ್ತ ಮ್ಯೂಚುವಲ್ ಫಂಡಿಗೆ ಹಾಕುವುದು ನಿಮಗೆ ಗೊತ್ತಿರುತ್ತದೆ. ‘ಎಸ್‌ಐಪಿ ಮಾಡಿದರೆ ನೀವು ಕೊಂಡ ದರ ಯಾವಾಗಲೂ ಸರಾಸರಿ ದರಕ್ಕಿಂತ ಕಡಿಮೆ’ ಅಂತ ಮಾರುವವರು ಹೇಳುತ್ತಾರೆ. ನೋಡೋಣ.

ತಿಂಗಳಿಗೆ 6,000 ರೂಪಾಯಿ. ಮೊದಲ ತಿಂಗಳು ಯೂನಿಟ್ ದರ 60, ನಿಮಗೆ 100 ಯೂನಿಟ್. ಎರಡನೇ ತಿಂಗಳು 40, ನಿಮಗೆ 150 ಯೂನಿಟ್. 12,000 ರೂಪಾಯಿಗೆ 250 ಯೂನಿಟ್, ತಲಾ 48 ರೂಪಾಯಿ ಬಿತ್ತು. ಎರಡು ದರಗಳ ಸರಾಸರಿ 50. ಎರಡು ರೂಪಾಯಿ ಕಡಿಮೆ! ಮಾತು ನಿಜ, ದರ ಅಲ್ಲಾಡುತ್ತಿದ್ದರೆ ಯಾವಾಗಲೂ ನಿಜ. ಯಾಕೆಂದರೆ ಒಂದು ರೂಪಾಯಿಗೆ ಸಿಗುವ ಯೂನಿಟ್ 1/p, ಮತ್ತು p ಸೊನ್ನೆಗಿಂತ ಜಾಸ್ತಿ ಇರುವವರೆಗೆ 1/p ಬಾಣಲೆ. ದರ ಇಳಿದಾಗ ಸಿಗುವ ಹೆಚ್ಚುವರಿ ಯೂನಿಟ್, ದರ ಏರಿದಾಗ ತಪ್ಪುವ ಯೂನಿಟ್‌ಗಿಂತ ಜಾಸ್ತಿ.

ಆದರೆ ಇದರಿಂದ ಲಾಭ ಆಯಿತಾ? ಎರಡನೇ ತಿಂಗಳ ಕೊನೆಗೂ ದರ 40ರಲ್ಲೇ ಇದೆ ಅನ್ನಿ. 250 ಯೂನಿಟ್‌ಗೆ 10,000 ರೂಪಾಯಿ. ನೀವು ಹಾಕಿದ್ದು 12,000. ಎರಡು ರೂಪಾಯಿ ‘ಉಳಿಸಿ’ ಎರಡು ಸಾವಿರ ಕಳೆದುಕೊಂಡಿರಿ. 48ನ್ನು ಹೋಲಿಸಬೇಕಾದ್ದು 50ರ ಜೊತೆ ಅಲ್ಲ, ನೀವು ಮಾರುವ ದಿನದ ದರದ ಜೊತೆ. ಆ ದಿನದ ದರದ ಬಗ್ಗೆ ಜೆನ್ಸೆನ್ನಿಗೆ ಏನೂ ಗೊತ್ತಿಲ್ಲ. ಎಸ್‌ಐಪಿ ಬೇಡ ಅಂತ ನಾನು ಹೇಳುತ್ತಿಲ್ಲ, ತಿಂಗಳ ಸಂಬಳದಲ್ಲಿ ಉಳಿಸುವವರಿಗೆ ಬೇರೆ ದಾರಿಯೂ ಕಡಿಮೆ. ಆದರೆ ಆ 2 ರೂಪಾಯಿ ಅಂಕಗಣಿತದ ಆಸ್ತಿ, ಫಂಡಿನದಲ್ಲ. ಬೀಳುತ್ತಲೇ ಇರುವ ಫಂಡಿನಲ್ಲೂ ಅದು ಸಿಗುತ್ತದೆ.

ನಿಮ್ಮ ಪ್ರಾಜೆಕ್ಟಿಗೆ

ಗಾಳಿಯ ಶಕ್ತಿ ಅಂತ ಕೇಳಿದ್ದರೆ 348 ಬಳಸಿ. ಗಾಳಿಯ ಸಾಂದ್ರತೆ 1.225 ತಗೊಂಡು ಅರ್ಧದಿಂದ ಗುಣಿಸಿದರೆ ಚದರ ಮೀಟರಿಗೆ ಸುಮಾರು 213 ವ್ಯಾಟ್. 216 ಹಾಕಿದ್ದರೆ ಸುಮಾರು 132 ಬರುತ್ತಿತ್ತು. ನಿಮ್ಮ ಅನುಪಾತ 348/216, ಅಂದರೆ 1.61. ರೇಲಿ ಮಾದರಿಯ 1.91ಕ್ಕಿಂತ ಇದು ಕಡಿಮೆ ಬಂದಿದೆ ಅಂತ ಗಾಬರಿಯಾಗಬೇಡಿ. ಆ ಮಾದರಿಯಲ್ಲಿ ಸರಾಸರಿ 6 ಇದ್ದರೆ ವೇರಿಯನ್ಸ್ 9.8ರ ಹತ್ತಿರ ಇರುತ್ತದೆ, ನಿಮ್ಮದು 7. ಹತ್ತೇ ಗಂಟೆ ಅಳೆದರೆ ಅಪರೂಪದ ಜೋರು ಗಾಳಿ ಸಿಕ್ಕೇ ಇರುವುದಿಲ್ಲ. ನಿಮ್ಮ ಹತ್ತರಲ್ಲಿ ಒಂದೇ ಒಂದು ಗಂಟೆ, ಆ 11ರದ್ದು, ಒಟ್ಟು 3,480ರಲ್ಲಿ 1,331 ಕೊಟ್ಟಿದೆ. ಅಂದರೆ ಶೇಕಡಾ 38. ಅದನ್ನು ತಪ್ಪಾಗಿ 10 ಅಂತ ಓದಿದ್ದರೆ ಸರಾಸರಿ ವೇಗ 6ರಿಂದ 5.9ಕ್ಕೆ ಇಳಿಯುತ್ತಿತ್ತು, ಯಾರೂ ಗಮನಿಸುತ್ತಿರಲಿಲ್ಲ. ಘನಗಳ ಸರಾಸರಿ ಮಾತ್ರ 348ರಿಂದ ಸುಮಾರು 315ಕ್ಕೆ ಬೀಳುತ್ತಿತ್ತು. ಆ ಒಂದು ಅಂಕಿಯನ್ನು ನಿಮ್ಮ ಮೂಲ ದಾಖಲೆಯಲ್ಲಿ ಇನ್ನೊಂದು ಸಲ ನೋಡಿ.